ಎಲ್‌ಡಿಎಲ್ ಸರಿ ಇದೆ, ರೇಶಿಯೋ ಮಾತ್ರ 5: ಭಾಮೈದ ಹೇಳಿದ್ದು ನಿಜವೇ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಮಂಡ್ಯ ಹತ್ತಿರ ಗೊಬ್ಬರದ ಅಂಗಡಿ. ಕ್ಯಾಂಪಲ್ಲಿ ಬರೀ ಹೊಟ್ಟೇಲಿ ರಕ್ತ ಕೊಟ್ಟೆ: ಒಟ್ಟು ಕೊಲೆಸ್ಟ್ರಾಲ್ 186, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 190, ಎಲ್‌ಡಿಎಲ್ 112, ವಿಎಲ್‌ಡಿಎಲ್ 38. ಹದಿನೈದು ದಿನ ಬಿಟ್ಟು ಮೈಸೂರಲ್ಲಿ ಮಾಡಿಸಿದ್ರೆ 190, 37, 172, 126, 34. ಇದನ್ನ ಕೂಡಿದ್ರೆ 197 ಆಗುತ್ತೆ, ಒಟ್ಟು 190 ಅಂತಿದೆ! ಶುಗರ್ 101. ಪ್ಯಾಂಟ್ ಸೈಜ್ 36. ಮೊಟ್ಟೆ ಹಳದಿ ಬಿಟ್ಟಿದ್ದೀನಿ, ಎಣ್ಣೆ ಕಮ್ಮಿ ಮಾಡಿದ್ದೀನಿ. ಎಲ್‌ಡಿಎಲ್ ಪರವಾಗಿಲ್ಲ ಅಂದ್ರು. ನನ್ನ ಭಾಮೈದ ಮಾತ್ರ ‘ನಿನ್ನ ರೇಶಿಯೋ 5 ಕಣೋ, ಇನ್ಸುಲಿನ್ ರೆಸಿಸ್ಟೆನ್ಸ್ ಇದೆ, ರೆಮ್ನೆಂಟ್ ಕೊಲೆಸ್ಟ್ರಾಲೂ ಜಾಸ್ತಿ’ ಅಂತಾನೆ. ಅವನದು 2.4 ಅಂತೆ. ಶುಗರ್ ಇರೋದು ಅವನಿಗೆ, ಹೊಟ್ಟೇನೂ ಅವನದ್ದೇ ದೊಡ್ಡದು. ಇದು ಹೇಗೆ? ಇನ್ಸುಲಿನ್ ಟೆಸ್ಟ್ ಮಾಡಿಸಲಾ?

ಉತ್ತರ:

ನಿಮ್ಮ ಭಾಮೈದ ನಿಮ್ಮ ವಿಷಯದಲ್ಲಿ ಬಹುತೇಕ ಸರಿ. ತನ್ನ ವಿಷಯದಲ್ಲಿ ತಪ್ಪು. ಅವರ ಕತೆ ಕೊನೆಗೆ ನೋಡೋಣ. ಅವರು ಹೇಳಿದ ರೇಶಿಯೋ ಅಂದರೆ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿದಾಗ ಬರುವ ಅಂಕಿ. ಇನ್ಸುಲಿನ್ ರೆಸಿಸ್ಟೆನ್ಸ್ ಅಂದರೆ ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳದಿರುವುದು.

ಮೊದಲು ಆ ಕೂಡೋ ಲೆಕ್ಕ. ರಿಪೋರ್ಟನ್ನು ಕೂಡಿ ನೋಡಿದಿರಲ್ಲ, ಅದಕ್ಕೆ ನಿಮಗೆ ಶಹಭಾಸ್ ಹೇಳಬೇಕು. ಇಪ್ಪತ್ತು ವರ್ಷದಿಂದ ಲ್ಯಾಬಿನಲ್ಲಿ ಕೂತು ರಿಪೋರ್ಟಿಗೆ ಸಹಿ ಹಾಕುತ್ತಿದ್ದೇನೆ, ಹೀಗೆ ಕೂಡಿ ನೋಡಿ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ನೀವು ಕೇಳಿದ್ದಕ್ಕೆಲ್ಲ ಉತ್ತರ ಆ ಏಳರ ವ್ಯತ್ಯಾಸದಲ್ಲೇ ಅಡಗಿದೆ.

ಕ್ಯಾಂಪಿನ ರಿಪೋರ್ಟ್ ತೆಗೆದುಕೊಳ್ಳಿ. ಐದು ಸಾಲಿದೆ. ಆದರೆ ಮೆಷಿನ್ ಅಳೆದದ್ದು ಮೂರನ್ನೇ: ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್. ಉಳಿದ ಎರಡು ಕಂಪ್ಯೂಟರ್ ಹಾಕಿದ ಲೆಕ್ಕ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ವಿಎಲ್‌ಡಿಎಲ್ ಬಂತು. ಅದನ್ನೂ ಎಚ್‌ಡಿಎಲ್ಲನ್ನೂ ಒಟ್ಟಿನಿಂದ ಕಳೆದರೆ ಎಲ್‌ಡಿಎಲ್ ಬಂತು. 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರ ಇದು, ಇವತ್ತಿಗೂ ಎಷ್ಟೋ ಲ್ಯಾಬುಗಳಲ್ಲಿ ಇದೇ ನಡೆಯುತ್ತಿದೆ.

ಎಲ್‌ಡಿಎಲ್ = ಒಟ್ಟು − ಎಚ್‌ಡಿಎಲ್ − (ಟ್ರೈಗ್ಲಿಸರೈಡ್ ÷ 5)
112 = 186 − 36 − 38

ಈಗ ರೆಮ್ನೆಂಟ್ ಕೊಲೆಸ್ಟ್ರಾಲ್ ಲೆಕ್ಕ ನೋಡಿ. ಒಟ್ಟಿನಿಂದ ಎಚ್‌ಡಿಎಲ್, ಎಲ್‌ಡಿಎಲ್ ಎರಡನ್ನೂ ಕಳೆದರೆ ಉಳಿಯುವುದೇ ಅದು. 186ರಿಂದ 36 ತೆಗೆದು 112 ತೆಗೆದರೆ 38. ಅಂದರೆ ನಾವು ಯಾವ 38ನ್ನು ಕಳೆದು ಎಲ್‌ಡಿಎಲ್ ಮಾಡಿದ್ದೆವೋ ಅದೇ 38 ಹಿಂಬಾಗಿಲಿಂದ ವಾಪಸ್ ಬಂತು. ಹೊಸದಾಗಿ ಗೊತ್ತಾಗಿದ್ದು ಏನೂ ಇಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಅನ್ನೋ ಮಾತನ್ನೇ ಇನ್ನೊಂದು ಹೆಸರಲ್ಲಿ ಹೇಳಿದ ಹಾಗಾಯಿತು, ಅಷ್ಟೇ. ‘ನನಗೆ ಟ್ರೈಗ್ಲಿಸರೈಡೂ ಜಾಸ್ತಿ, ರೆಮ್ನೆಂಟೂ ಜಾಸ್ತಿ’ ಅಂತ ಎರಡು ರೋಗ ಲೆಕ್ಕ ಹಾಕಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು, ಎಲ್‌ಡಿಎಲ್ ಪಕ್ಕದಲ್ಲಿ ‘ಡೈರೆಕ್ಟ್’ ಅಂತ ಬರೆದಿದೆಯಾ ಅಂತ.

ನಿಮ್ಮ ಮೈಸೂರಿನ ರಿಪೋರ್ಟಿನಲ್ಲಿ ಹಾಗೆ ಬರೆದಿರಬೇಕು, ನೋಡಿ. ಅಲ್ಲಿ ಎಲ್‌ಡಿಎಲ್ಲನ್ನು ಬೇರೆ ರಾಸಾಯನಿಕ ಹಾಕಿ ನೇರವಾಗಿ ಅಳೆದಿದ್ದಾರೆ, 126 ಬಂದಿದೆ. ವಿಎಲ್‌ಡಿಎಲ್ಲನ್ನು ಮಾತ್ರ ಹಳೇ ಅಭ್ಯಾಸದಂತೆ 172ನ್ನು ಐದರಿಂದ ಭಾಗಿಸಿ 34 ಅಂತ ಅಚ್ಚು ಹಾಕಿದ್ದಾರೆ. ಒಂದು ಅಳತೆ, ಇನ್ನೊಂದು ಅಂದಾಜು, ಎರಡನ್ನೂ ಕೂಡಿದರೆ ತಾಳೆಯಾಗಲೇಬೇಕು ಅಂತೇನಿಲ್ಲ. ಹೀಗೆ ಎಲ್‌ಡಿಎಲ್ ನೇರವಾಗಿ ಅಳೆದಾಗ ಮಾತ್ರ ರೆಮ್ನೆಂಟ್ ಲೆಕ್ಕಕ್ಕೆ ತನ್ನದೇ ಆದ ಅರ್ಥ ಬರುತ್ತದೆ: 190 − 37 − 126, ಅಂದರೆ 27.

ಹಾಗಾದರೆ 38 ಇದ್ದದ್ದು ಹದಿನೈದು ದಿನದಲ್ಲಿ 27ಕ್ಕೆ ಇಳಿಯಿತಾ? ಇಲ್ಲ. ಕಳೆಯುವ ಲೆಕ್ಕದ ತೊಂದರೆ ಇದೇ. ಒಳ್ಳೆಯ ಲ್ಯಾಬಿನಲ್ಲೂ ಪ್ರತಿ ಅಳತೆಯಲ್ಲಿ ನೂರಕ್ಕೆ ಮೂರೋ ನಾಲ್ಕೋ ಆಚೀಚೆ ಆಗುತ್ತದೆ. 190ರಲ್ಲಿ ಆರು ಆಚೆ ಈಚೆ, 126ರಲ್ಲಿ ಐದು, 37ರಲ್ಲಿ ಒಂದೆರಡು. ದೊಡ್ಡ ಸಂಖ್ಯೆಗೆ ಇದು ಲೆಕ್ಕಕ್ಕೇ ಬರಲ್ಲ. ಆದರೆ ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಕೊನೆಗೆ ಉಳಿದ ಸಣ್ಣ ಸಂಖ್ಯೆಯ ಮೇಲೆ ಆ ತಪ್ಪುಗಳೆಲ್ಲ ಬಂದು ಕೂರುತ್ತವೆ. ನಿಮ್ಮ 27 ನಿಜದಲ್ಲಿ 20 ಇರಬಹುದು, 35 ಇದ್ದರೂ ನನಗೆ ಆಶ್ಚರ್ಯವಿಲ್ಲ. ಜೊತೆಗೆ, ಟ್ರೈಗ್ಲಿಸರೈಡ್ ಜಾಸ್ತಿ ಇರುವ ರಕ್ತದಲ್ಲಿ ಕೆಲವು ಡೈರೆಕ್ಟ್ ಕಿಟ್‌ಗಳು ರೆಮ್ನೆಂಟಿನ ಒಂದು ಪಾಲನ್ನೂ ಎಲ್‌ಡಿಎಲ್ ಅಂತಲೇ ಎಣಿಸಿಬಿಡುತ್ತವೆ. ಆಗ ಎಲ್‌ಡಿಎಲ್ ಉಬ್ಬುತ್ತದೆ, ರೆಮ್ನೆಂಟ್ ಕುಗ್ಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾವ ಲ್ಯಾಬ್ ಅಂತ ಬೇಡ, ಒಬ್ಬ ಹೆಂಗಸಿನ ರಿಪೋರ್ಟಿಗೆ ಸಹಿ ಹಾಕಿ ಕಳಿಸಿದ್ದೆ. ಅವರ ಮಗ ಕಾಲೇಜು ಹುಡುಗ. ಸಂಜೆ ಫೋನ್ ಮಾಡಿದ. ‘ಸಾರ್, ಅಮ್ಮನ ರೆಮ್ನೆಂಟ್ ಮೈನಸ್ ಮೂರು ಬರ್ತಿದೆ, ಇದು ಒಳ್ಳೇದಾ?’ ಅಂದ. ರಿಪೋರ್ಟ್ ತೆಗೆದು ನೋಡಿದರೆ ಹೌದು, ಎಚ್‌ಡಿಎಲ್ಲೂ ಡೈರೆಕ್ಟ್ ಎಲ್‌ಡಿಎಲ್ಲೂ ಸೇರಿ ಒಟ್ಟಿಗಿಂತ ಮೂರು ಜಾಸ್ತಿ. ಜೇಬಿನ ದುಡ್ಡಿಗಿಂತ ಅದರಲ್ಲಿರುವ ನೋಟು ಜಾಸ್ತಿ ಅಂದ ಹಾಗೆ. ಎಲ್‌ಡಿಎಲ್ ಕಿಟ್‌ನ ಕ್ಯಾಲಿಬ್ರೇಶನ್ ಆ ಬೆಳಗ್ಗೆ ಕೆಟ್ಟಿತ್ತು. ಅವತ್ತಿನ ಎಲ್ಲ ಸ್ಯಾಂಪಲ್ ಮತ್ತೆ ಓಡಿಸಬೇಕಾಯಿತು. ಅಂದಿನಿಂದ ಸಹಿ ಹಾಕುವ ಮೊದಲು ಮನಸ್ಸಲ್ಲೇ ಒಮ್ಮೆ ಕೂಡಿ ಕಳೆದು ನೋಡುತ್ತೇನೆ.

ಆದ್ದರಿಂದ ಖಾಲಿ ಹೊಟ್ಟೆಯ ಒಂದು ರಿಪೋರ್ಟ್ ಇಟ್ಟುಕೊಂಡು ಒಬ್ಬ ಮನುಷ್ಯನ ಇನ್ಸುಲಿನ್ ರೆಸಿಸ್ಟೆನ್ಸ್ ಹುಡುಕಲು ರೆಮ್ನೆಂಟ್ ಲೆಕ್ಕಕ್ಕಿಂತ ರೇಶಿಯೋನೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ರೆಮ್ನೆಂಟ್ ಕೆಲಸಕ್ಕೆ ಬಾರದ್ದು ಅಂತಲ್ಲ. ಹೃದಯದ ರಕ್ತನಾಳಕ್ಕೆ ಅದು ಕೆಟ್ಟದ್ದು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ, ಕೋಪನ್‌ಹೇಗನ್‌ನಲ್ಲಿ ಸಾವಿರಾರು ಜನರ ಮೇಲೆ ನಡೆದ ಕೆಲಸ ಅದು. ಆದರೆ ಸಾವಿರಾರು ಜನರ ಸರಾಸರಿಯಲ್ಲಿ ಅಳತೆಯ ತಪ್ಪು ಒಂದಕ್ಕೊಂದು ಹೊಡೆದುಹೋಗುತ್ತದೆ. ನಿಮ್ಮ ಒಂದು ಹಾಳೆಯಲ್ಲಿ ಹೋಗುವುದಿಲ್ಲ.

ರೇಶಿಯೋ ಯಾಕೆ ವಾಸಿ? ಅದಕ್ಕೆ ಒಳಗೆ ಏನು ನಡೆಯುತ್ತಿದೆ ಅಂತ ಸ್ವಲ್ಪ ತಿಳಿಯಬೇಕು. ನಿಮ್ಮೂರಿನ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ.

ಕಬ್ಬು ಕಟಾವಿನ ಕಾಲದಲ್ಲಿ ಫ್ಯಾಕ್ಟರಿ ರಸ್ತೆಯಲ್ಲಿ ನಿಲ್ಲುವ ಟ್ರ್ಯಾಕ್ಟರ್ ಸಾಲು ನೋಡಿರುತ್ತೀರಿ. ಲಿವರ್ ಕೂಡ ಹೀಗೆ ಕೊಬ್ಬು ತುಂಬಿ ಟ್ರ್ಯಾಕ್ಟರ್ ಕಳಿಸುತ್ತದೆ. ಆ ಟ್ರ್ಯಾಕ್ಟರೇ ವಿಎಲ್‌ಡಿಎಲ್. ಮೇಲಿನ ಲೋಡು ಟ್ರೈಗ್ಲಿಸರೈಡ್. ಟ್ರೇಲರ್‌ನ ಮೈಯಲ್ಲಿರುವುದು ಕೊಲೆಸ್ಟ್ರಾಲ್. ಸ್ನಾಯು ಮತ್ತು ಕೊಬ್ಬಿನ ಅಂಗಾಂಶದ ರಕ್ತನಾಳದ ಗೋಡೆಯಲ್ಲಿ ಲೋಡು ಇಳಿಸುವ ಹಮಾಲಿ ಒಬ್ಬನಿದ್ದಾನೆ, ಲೈಪೊಪ್ರೋಟೀನ್ ಲೈಪೇಸ್ ಅಂತ ಒಂದು ಕಿಣ್ವ. ಅವನು ಲೋಡು ಇಳಿಸಿದ ಮೇಲೆ ಉಳಿಯುವ ಅರೆಖಾಲಿ ಟ್ರ್ಯಾಕ್ಟರೇ ರೆಮ್ನೆಂಟ್. ಆರೋಗ್ಯವಂತರಲ್ಲಿ ಅದನ್ನು ಲಿವರ್ ಬೇಗ ವಾಪಸ್ ಎಳೆದುಕೊಳ್ಳುತ್ತದೆ.

ಇನ್ಸುಲಿನ್ ಮಾತು ದೇಹ ಕೇಳದೆ ಹೋದಾಗ ಈ ವ್ಯವಸ್ಥೆ ಎಲ್ಲ ಕಡೆಯಿಂದಲೂ ಕೆಡುತ್ತದೆ. ಹೊಟ್ಟೆಯ ಕೊಬ್ಬನ್ನು ‘ಸುಮ್ನೆ ಇರು’ ಅಂತ ಹಿಡಿದಿಡುವುದು ಇನ್ಸುಲಿನ್ ಕೆಲಸ. ಆ ಹಿಡಿತ ಸಡಿಲವಾದರೆ ಕೊಬ್ಬಿನಾಮ್ಲ ಕರಗಿ ಲಿವರಿಗೆ ಹರಿಯುತ್ತದೆ. ಲಿವರಿನದ್ದೋ ಇನ್ನೊಂದು ಕತೆ. ‘ಸಕ್ಕರೆ ತಯಾರಿಸೋದು ನಿಲ್ಲಿಸು’ ಅಂದರೆ ಅದಕ್ಕೆ ಕಿವಿ ಕೇಳಲ್ಲ, ‘ಕೊಬ್ಬು ತಯಾರಿಸು’ ಅಂದರೆ ಚೆನ್ನಾಗಿ ಕೇಳುತ್ತದೆ. ಇನ್ಸುಲಿನ್ ಜಾಸ್ತಿ ಆದಷ್ಟೂ ಅದು ಕೊಬ್ಬು ಮಾಡುತ್ತಲೇ ಹೋಗುತ್ತದೆ. ಹೀಗೆ ಲೋಡೂ ಜಾಸ್ತಿ, ಟ್ರ್ಯಾಕ್ಟರೂ ದೊಡ್ಡವು. ಅತ್ತ ಹಮಾಲಿಯ ಕೈ ನಿಧಾನ. ರಸ್ತೆ ಜಾಮ್ ಆಗದೆ ಇನ್ನೇನಾಗುತ್ತದೆ? ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ರೆಮ್ನೆಂಟ್ ಹೆಚ್ಚು ಹೊತ್ತು ತಿರುಗುತ್ತದೆ.

ಇಲ್ಲಿಗೆ ಎಚ್‌ಡಿಎಲ್ ಬರುತ್ತದೆ. ಜಾಮಿನಲ್ಲಿ ನಿಂತ ಈ ದೊಡ್ಡ ಟ್ರ್ಯಾಕ್ಟರುಗಳು ಪಕ್ಕದಲ್ಲಿ ಹೋಗುವ ಎಚ್‌ಡಿಎಲ್ ಜೊತೆ ಸರಕು ಅದಲು ಬದಲು ಮಾಡಿಕೊಳ್ಳುತ್ತವೆ. ತಮ್ಮ ಟ್ರೈಗ್ಲಿಸರೈಡ್ ಅದಕ್ಕೆ ದಾಟಿಸಿ ಅದರ ಕೊಲೆಸ್ಟ್ರಾಲ್ ತಾವು ತೆಗೆದುಕೊಳ್ಳುತ್ತವೆ. ಟ್ರೈಗ್ಲಿಸರೈಡ್ ತುಂಬಿದ ಎಚ್‌ಡಿಎಲ್ಲನ್ನು ಲಿವರಿನ ಇನ್ನೊಂದು ಕಿಣ್ವ ಕೊರೆದು ಸಣ್ಣದು ಮಾಡುತ್ತದೆ. ಆ ಸಣ್ಣ ಕಣ ಬೇಗ ಸವೆದು ಕಿಡ್ನಿಯ ದಾರಿ ಹಿಡಿಯುತ್ತದೆ. ಅಂದರೆ ಟ್ರೈಗ್ಲಿಸರೈಡ್ ಏರುವುದೂ ಎಚ್‌ಡಿಎಲ್ ಇಳಿಯುವುದೂ ಬೇರೆ ಬೇರೆ ಘಟನೆ ಅಲ್ಲ, ಒಂದೇ ಜಗಳದ ಎರಡು ಗಾಯ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಮೇಲಿನದು ಹೆಚ್ಚಿ, ಕೆಳಗಿನದು ತಗ್ಗಿ, ಆ ಜಗಳ ದೊಡ್ಡದಾಗಿ ಕಾಣುತ್ತದೆ. ಜೊತೆಗೆ ಎರಡೂ ನಿಜವಾಗಿ ಅಳೆದ ಸಂಖ್ಯೆ, ಯಾರೂ ಸೂತ್ರದಿಂದ ಹುಟ್ಟಿಸಿದ್ದಲ್ಲ.

ನಿಮ್ಮದನ್ನೇ ಮಾಡಿ. 190 ÷ 36 ಅಂದರೆ 5.3. 172 ÷ 37 ಅಂದರೆ 4.6. ಲ್ಯಾಬ್ ಬೇರೆ, ದಿನ ಬೇರೆ, ಎಲ್‌ಡಿಎಲ್ ವಿಧಾನವೂ ಬೇರೆ. ಆದರೂ ಎರಡು ಸಲವೂ ಒಂದೇ ಮಾತು ಹೇಳುತ್ತಿದೆ. ರೆಮ್ನೆಂಟ್ 38, 27 ಅಂತ ಕುಣಿದ ಹಾಗೆ ಇದು ಕುಣಿಯಲಿಲ್ಲ.

ಎಷ್ಟು ದಾಟಿದರೆ ಜಾಸ್ತಿ? ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್ ಅವರ ತಂಡ ಸ್ವಲ್ಪ ದಪ್ಪಗಿದ್ದ, ಶುಗರ್ ಇಲ್ಲದ ಜನರಲ್ಲಿ ಇನ್ಸುಲಿನ್ ರೆಸಿಸ್ಟೆನ್ಸನ್ನು ನೇರವಾಗಿ ಅಳೆದು, ಅದಕ್ಕೆ ರೇಶಿಯೋ ತಾಳೆ ನೋಡಿ 2003ರಲ್ಲಿ 3 ಅನ್ನುವ ಗಡಿ ಹೇಳಿತು. 2005ರಲ್ಲಿ 3.5 ಅಂದಿತು. ಹೆಂಗಸರ ಎಚ್‌ಡಿಎಲ್ ಸಹಜವಾಗಿ ಜಾಸ್ತಿ ಇರುವುದರಿಂದ ಅವರಿಗೆ 2.5, ಗಂಡಸರಿಗೆ 3.5 ಅಂತ ಬಳಸುವವರೂ ಇದ್ದಾರೆ, ನಾನೂ ಹಾಗೇ ಮಾಡುತ್ತೇನೆ. ಇದೆಲ್ಲ ನಮ್ಮ ಮಿಲಿಗ್ರಾಂ ಲೆಕ್ಕಕ್ಕೆ. ಲಂಡನ್ನಿನಲ್ಲಿರುವ ಮಗ ತನ್ನ ರಿಪೋರ್ಟ್ ಕಳಿಸಿದರೆ ಅಲ್ಲಿ ಮಿಲಿಮೋಲ್ ಇರುತ್ತದೆ, ಆಗ 3.5ರ ಬದಲು ಸುಮಾರು 1.5 ಅಂತ ಓದಿಕೊಳ್ಳಿ.

ಆದರೆ ಇದು ಜರಡಿ, ತಕ್ಕಡಿ ಅಲ್ಲ. ಆ 2003ರ ಕೆಲಸದಲ್ಲೇ 3ರ ಗಡಿ ಇಟ್ಟಾಗ ರೆಸಿಸ್ಟೆನ್ಸ್ ಇದ್ದ ನೂರು ಜನರಲ್ಲಿ ಅದು ಹಿಡಿದದ್ದು 64 ಜನರನ್ನು. ಇಲ್ಲದ ನೂರರಲ್ಲಿ 32 ಜನರನ್ನು ಸುಳ್ಳೇ ಹಿಡಿಯಿತು. ಇನ್ನೊಂದು ಮಾತು. ಆಫ್ರಿಕನ್ ಮೂಲದ ಜನರಲ್ಲಿ ಈ ರೇಶಿಯೋ ಸರಿಯಾಗಿ ಕೆಲಸ ಮಾಡಲ್ಲ, ರೆಸಿಸ್ಟೆನ್ಸ್ ಇದ್ದರೂ ಅವರ ಟ್ರೈಗ್ಲಿಸರೈಡ್ ಅಷ್ಟಾಗಿ ಏರುವುದಿಲ್ಲ. ನಮ್ಮಲ್ಲೋ ಎಚ್‌ಡಿಎಲ್ ಮೊದಲೇ ಕಡಿಮೆ ಇರುವವರು ಬಹಳ. ಹಾಗಾಗಿ 3.2, 3.6 ಅಂತ ಗಡಿಯ ಮೇಲೆ ನಿಂತವರಿಗೆ ನಾನು ಏನನ್ನೂ ಹೇಳಲು ಹೋಗುವುದಿಲ್ಲ. 2ಕ್ಕಿಂತ ಕೆಳಗೆ ಇದ್ದರೆ ಸಮಾಧಾನ. ನಿಮ್ಮ ಹಾಗೆ ಎರಡು ಸಲ ನಾಲ್ಕೂವರೆ ದಾಟಿದರೆ ಬೇರೆ ಗುರುತು ಹುಡುಕಬೇಕು.

ಆ ಗುರುತಿಗೆ ದುಡ್ಡು ಖರ್ಚಿಲ್ಲ. ಪ್ಯಾಂಟ್ ಸೈಜ್ ಬಿಡಿ, ಎಲ್ಲರೂ ಹೊಟ್ಟೆ ಕೆಳಗೆ ಕಟ್ಟಿಕೊಂಡು 36 ಅಂತಾರೆ. ಟೈಲರ್ ಟೇಪ್ ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ. ನಮ್ಮ ಗಂಡಸರಿಗೆ ಗಡಿ 90 ಸೆಂಟಿಮೀಟರ್, ಹೆಂಗಸರಿಗೆ 80. ನಿಮ್ಮದು 98 ಬಂದರೂ ನನಗೆ ಆಶ್ಚರ್ಯವಿಲ್ಲ. ಆಮೇಲೆ ಮನೆಯವರಿಗೆ ಕುತ್ತಿಗೆಯ ಹಿಂಭಾಗ ನೋಡಲು ಹೇಳಿ. ಉಜ್ಜಿದರೂ ಹೋಗದ, ಮಖಮಲ್ಲಿನ ಹಾಗೆ ದಪ್ಪಗಿರುವ ಕಪ್ಪು ಪಟ್ಟಿ ಇದ್ದರೆ ಅದು ಕೊಳೆ ಅಲ್ಲ, ಜಾಸ್ತಿ ಇನ್ಸುಲಿನ್ನಿನ ಗುರುತು. ಸೊಂಟ ದೊಡ್ಡದು, ರೇಶಿಯೋ 5, ಶುಗರ್ 101. ಮೂರೂ ಒಟ್ಟಿಗೆ ಸಿಕ್ಕಿದರೆ ಭಾಮೈದನ ಮಾತು ಒಪ್ಪಿಕೊಳ್ಳಲೇಬೇಕು.

ಇನ್ಸುಲಿನ್ ಟೆಸ್ಟ್ ಬೇಡ. ಒಂದು ಲ್ಯಾಬಿನ ಇನ್ಸುಲಿನ್ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ, ಮತ್ತೆ ಉತ್ತರ ಏನೇ ಬಂದರೂ ನಾನು ನಿಮಗೆ ಹೇಳುವುದು ಬದಲಾಗುವುದಿಲ್ಲ. ಆ ದುಡ್ಡಲ್ಲಿ ಥೈರಾಯ್ಡ್ ಟಿಎಸ್‌ಎಚ್ ಒಂದು ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಟ್ರೈಗ್ಲಿಸರೈಡ್ ಏರುತ್ತದೆ, ಆಗ ಇಷ್ಟು ಹೊತ್ತು ಹೇಳಿದ ಕತೆ ನಿಮ್ಮದಲ್ಲದೆಯೂ ಇರಬಹುದು. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಕೂಡ ಇರಲಿ. 5.7 ದಾಟಿದರೆ ಹತ್ತಿರದ ಡಾಕ್ಟರ್ ಹತ್ತಿರ ಕೂತು ಮಾತಾಡಬೇಕು.

ಮುಂದಿನ ಸಲ ರಕ್ತ ಕೊಡುವಾಗ ಒಂದು ಎಚ್ಚರಿಕೆ. ಟ್ರೈಗ್ಲಿಸರೈಡ್ ಚಂಚಲ. ಏನೂ ಬದಲಾಗದೆಯೂ ಒಬ್ಬರಲ್ಲೇ ದಿನದಿಂದ ದಿನಕ್ಕೆ ನೂರಕ್ಕೆ ಇಪ್ಪತ್ತರಷ್ಟು ಏರಿಳಿಯುತ್ತದೆ, ನಿಮ್ಮ 190, 172 ಎರಡೂ ಒಂದೇ ಅಂತ ಲೆಕ್ಕ. ಮದ್ದೂರು ಕಡೆಯವರೊಬ್ಬರು ಒಮ್ಮೆ 340 ಇಟ್ಟುಕೊಂಡು ಗಾಬರಿಯಿಂದ ಬಂದಿದ್ದರು. ಕೇಳಿದರೆ, ಭಾನುವಾರ ಬೀಗರ ಊಟ, ರಾತ್ರಿ ‘ಸ್ವಲ್ಪ’ ಕುಡಿದದ್ದು, ಸೋಮವಾರ ಬೆಳಗ್ಗೆ ಬರೀ ಹೊಟ್ಟೇಲಿ ರಕ್ತ. ಹೊಟ್ಟೆ ಬರಿದಾಗಿತ್ತು ನಿಜ, ಲಿವರ್ ಬರಿದಾಗಿರಲಿಲ್ಲ. ಎರಡು ವಾರ ಬಿಟ್ಟು ಮಾಡಿಸಿದಾಗ 180. ಹತ್ತು ಹನ್ನೆರಡು ಗಂಟೆ ಖಾಲಿ ಇರಿ, ಹಿಂದಿನ ಎರಡು ಮೂರು ದಿನ ಕುಡಿಯಬೇಡಿ, ಜ್ವರ ಬಂದು ಹೋಗಿದ್ದರೆ ಎರಡು ಮೂರು ವಾರ ಕಾಯಿರಿ. ಲ್ಯಾಬ್ ಬದಲಾಯಿಸಬೇಡಿ.

ಇನ್ನು ಎಣ್ಣೆ, ಮೊಟ್ಟೆ ವಿಷಯ. ಬಿಟ್ಟದ್ದು ನಿಮ್ಮ ಇಷ್ಟ, ಆದರೆ ನಿಮ್ಮ ರೇಶಿಯೋ ಏರಿಸಿದ್ದು ಮೊಟ್ಟೆ ಹಳದಿ ಅಲ್ಲ. ಎಣ್ಣೆ ಕಡಿಮೆ ಮಾಡಿದವರು ಆ ಹಸಿವನ್ನು ಅನ್ನದಲ್ಲಿ ತುಂಬಿಸುತ್ತಾರೆ. ಮುದ್ದೆ ಒಂದರ ಬದಲು ಎರಡಾಗುತ್ತದೆ. ಅಂಗಡಿಯಲ್ಲಿ ಕೂತವರಿಗೆ ಗಿರಾಕಿ ಬಂದಾಗಲೆಲ್ಲ ಟೀ ಬರುತ್ತದೆ, ಅಲ್ವಾ? ಆರು ಟೀ, ಒಂದಕ್ಕೆ ಹತ್ತು ಗ್ರಾಂ ಸಕ್ಕರೆ ಅಂದರೆ ದಿನಕ್ಕೆ 60 ಗ್ರಾಂ. ಸಕ್ಕರೆಯ ಅರ್ಧ ಫ್ರಕ್ಟೋಸ್, ಅದರ ಬಹುಪಾಲು ಲಿವರಿಗೇ ಹೋಗಿ ಕೊಬ್ಬಾಗುವ ದಾರಿ ಹಿಡಿಯುತ್ತದೆ. ಸಕ್ಕರೆ ಬದಲು ಬೆಲ್ಲ ಹಾಕಿದೆ ಅಂತ ಬೀಗಬೇಡಿ, ಲಿವರಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಮೊದಲು ಟೀ ಸಕ್ಕರೆ ನಿಲ್ಲಿಸಿ, ರಾತ್ರಿ ಅನ್ನ ಅರ್ಧ ಮಾಡಿ ಆ ಜಾಗಕ್ಕೆ ಸೊಪ್ಪು, ಕಾಳು ಹಾಕಿ. 80 ಕೆಜಿ ಇದ್ದರೆ ಐದಾರು ಕೆಜಿ ಇಳಿದರೂ ಟ್ರೈಗ್ಲಿಸರೈಡ್ ಸುಮಾರು ಐದನೇ ಒಂದು ಭಾಗ ಇಳಿಯುವುದುಂಟು. ಅದು ವಾರಗಳಲ್ಲೇ ಕಾಣುತ್ತದೆ. ಎಚ್‌ಡಿಎಲ್ ಮಾತ್ರ ಸೋಮಾರಿ. ತೂಕ ಇಳಿಯುತ್ತಿರುವಾಗ ಅದು ಸ್ವಲ್ಪ ಕುಸಿಯುವುದೂ ಉಂಟು, ತೂಕ ನಿಂತ ಮೇಲೆ ಏಳುತ್ತದೆ. ಹಾಗಾಗಿ ತಿಂಗಳಿಗೇ ರಿಪೋರ್ಟ್ ಮಾಡಿಸಿ ‘ರೇಶಿಯೋ ಇಳಿದೇ ಇಲ್ಲ’ ಅಂತ ಬೇಜಾರು ಮಾಡಿಕೊಳ್ಳಬೇಡಿ, ಮೂರು ತಿಂಗಳು ಬಿಟ್ಟು ನೋಡಿ.

ಈಗ ಭಾಮೈದನ 2.4. ಹೊಟ್ಟೆ ಇದೆ, ಶುಗರ್ ಇದೆ, ರೇಶಿಯೋ ಮಾತ್ರ ಹುಡುಗರ ಹಾಗೆ. ಶುಗರ್ ಇರುವವರಿಗೆ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿರುವುದು ಸಾಮಾನ್ಯ. ಅದರಲ್ಲಿ ಸ್ಟ್ಯಾಟಿನ್ ಜೊತೆ ಫೆನೋಫೈಬ್ರೇಟ್ ಸೇರಿಸಿದ ಮಾತ್ರೆ ಬಹಳ ನಡೆಯುತ್ತದೆ. ಫೆನೋಫೈಬ್ರೇಟ್ ಆ ಹಮಾಲಿಗೆ ಬಲ ಕೊಟ್ಟು ಲೋಡು ಇಳಿಸುತ್ತದೆ. ಟ್ರೈಗ್ಲಿಸರೈಡನ್ನು ಮೂರನೇ ಒಂದರಷ್ಟು, ಕೆಲವೊಮ್ಮೆ ಅರ್ಧದಷ್ಟು ಇಳಿಸಿ ಎಚ್‌ಡಿಎಲ್ಲನ್ನು ಸ್ವಲ್ಪ ಏರಿಸುತ್ತದೆ. ರಸ್ತೆ ತೆರವಾಗುತ್ತದೆ, ಆದರೆ ಇನ್ಸುಲಿನ್ ಮಾತು ಕೇಳದ ದೇಹ ಇದ್ದ ಹಾಗೇ ಇರುತ್ತದೆ. ಅವರ ಮಾತ್ರೆ ಪಟ್ಟಿಯ ಹಿಂದೆ ಏನು ಬರೆದಿದೆ ಅಂತ ಒಮ್ಮೆ ನೋಡಿ. ಫೆನೋಫೈಬ್ರೇಟ್ ಅಂತಿದ್ದರೆ ಆ 2.4 ಮಾತ್ರೆಯ ಅಂಕಿ, ಅವರದ್ದಲ್ಲ. ಮಾತ್ರೆ ಶುರು ಮಾಡುವ ಮೊದಲಿನ ರಿಪೋರ್ಟ್ ಬೀರುವಿನಲ್ಲಿ ಇದ್ದರೆ ತೆಗೆಸಿ, ಇಬ್ಬರೂ ಕೂತು ಭಾಗಿಸಿ ನೋಡಿ. ಮಾತ್ರೆ ಮಾತ್ರ ನಿಲ್ಲಿಸಬಾರದು ಅಂತ ಅವರಿಗೆ ಹೇಳಿ.